ಸಲೀಸಮ್ಮ ಮತ್ತು ಹದಿಮೂರು ಪದದ ಆಮೆ

ಅವರನ್ನು ಎದುರಿಗೆ ‘ಟೀಚರ್’ ಎನ್ನುತ್ತಿದ್ದೆವು, ಬೆನ್ನ ಹಿಂದೆ ‘ಸಲೀಸಮ್ಮ’ ಎನ್ನುತ್ತಿದ್ದೆವು. ಎರಡೂ ಅವರಿಗೆ ಗೊತ್ತಿತ್ತು. ಎರಡನೆಯ ಹೆಸರೇ ಅವರಿಗೆ ಹೆಚ್ಚು ಇಷ್ಟ ಎಂದು ನನ್ನ ಅನುಮಾನ.

ಮೂವತ್ತೊಂದು ವರ್ಷ ಒಂದನೇ ತರಗತಿಗೆ ಪಾಠ ಹೇಳಿ ನಿವೃತ್ತರಾದ ಮೇಲೆ, ಮಕ್ಕಳ ಪುಸ್ತಕ ಹಾಕುವ ಒಂದು ಸಣ್ಣ ಪ್ರಕಾಶನದಲ್ಲಿ ಕೂತಿದ್ದರು. ಪ್ರಕಾಶನ ಎಂದರೆ ಮುದ್ರಣಾಲಯದ ಮಹಡಿಯ ಒಂದೇ ಕೋಣೆ. ಕೆಳಗೆ ಯಂತ್ರ ಓಡಿದರೆ ಮೇಲೆ ಮೇಜಿನ ಮೇಲಿದ್ದ ಚಹಾದ ಲೋಟ ತನ್ನಷ್ಟಕ್ಕೆ ತಾನೇ ಅಂಚಿನ ಕಡೆ ಹೊರಡುತ್ತಿತ್ತು. ಅದನ್ನು ನೋಡದೆಯೇ ಕೈ ಚಾಚಿ ಹಿಡಿಯುವುದು ಅವರಿಗೆ ರೂಢಿಯಾಗಿತ್ತು.

ಆಗ ತಾನೇ ಅಕ್ಷರ ಕಲಿತ ಮಕ್ಕಳು ಗಟ್ಟಿಯಾಗಿ ಓದಿಕೊಳ್ಳುವ ಪುಸ್ತಕಗಳು ಅಲ್ಲಿಂದ ಹೊರಡುತ್ತಿದ್ದವು. ನನ್ನಂಥ ಲೇಖಕರು ಕಥೆ ಬರೆದು ಕೊಟ್ಟು ಕೈ ತೊಳೆದುಕೊಂಡ ಮೇಲೆ ಅವರ ಕೆಲಸ ಶುರು. ಒಂದೊಂದು ವಾಕ್ಯವನ್ನೂ ಮಗುವಿನ ನಾಲಿಗೆಗೆ ಹೊಂದುವಂತೆ ಬಿಡಿಸುವುದು, ಒಂದು ಮಗುವಿನ ಕೈಲಿ ಓದಿಸುವುದು, ಎಡವಿದ ಕಡೆ ಚುಕ್ಕೆ ಇಡುವುದು, ಮತ್ತೆ ಬಿಡಿಸುವುದು. ಚುಕ್ಕೆ ಇಲ್ಲದ ಓದು ಬಂದ ದಿನ ಹಾಳೆಯ ಕೆಳಗೆ ಹಸಿರು ಪೆನ್ಸಿಲಿನಲ್ಲಿ ‘ಸಲೀಸು’ ಎಂದು ಬರೆಯುತ್ತಿದ್ದರು. ಆ ಮೂರಕ್ಷರ ಇಲ್ಲದಿದ್ದರೆ ಕೆಳಗಿನ ಯಂತ್ರದವನು ಹಾಳೆ ಮುಟ್ಟುತ್ತಿರಲಿಲ್ಲ.

ಓದುವ ಮಗು ಅವರ ಮೊಮ್ಮಗಳೇ, ಮಗಳ ಮಗಳು. ಏಳು ವರ್ಷ, ಎರಡನೇ ತರಗತಿ, ಮುಂದಿನ ಎರಡು ಹಲ್ಲು ರಜೆಯ ಮೇಲೆ. ತಾಯಿ ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಕೆಲಸ ಮಾಡಿ ಬರುವಾಗ ಆರು ಗಂಟೆ. ಅದಕ್ಕೇ ಶಾಲೆ ಬಿಟ್ಟ ಕೂಡಲೇ ಹುಡುಗಿ ಮಹಡಿ ಹತ್ತಿ ಬರುತ್ತಿದ್ದಳು. ನಾವೆಲ್ಲ ಅವಳನ್ನು ‘ಪರೀಕ್ಷಕರು’ ಎಂದು ಕರೆಯುತ್ತಿದ್ದೆವು. “ಪರೀಕ್ಷಕರು ಬಂದ್ರು, ಎಲ್ಲ ಎದ್ದು ನಿಲ್ಲಿ!” ಎಂದರೆ ಗಂಭೀರವಾಗಿ ಚೀಲ ಇಳಿಸಿ, “ಕೂತ್ಕೊಳ್ಳಿ” ಎನ್ನುತ್ತಿದ್ದಳು. ಎರಡು ವರ್ಷದಲ್ಲಿ ಹನ್ನೆರಡು ಪುಸ್ತಕ ಅವಳ ಬಾಯಿಂದ ಹಾದು ಹೋಗಿದ್ದವು.

ಇನ್ನು ನನ್ನ ವಿಚಾರ. ನಾನು ಹಾಸ್ಯ ಬರೆಯುವವನು. ನನ್ನದನ್ನು ಓದಿ ನಗುವವರು ಇದ್ದಾರೆ ಎಂದು ಕೇಳಿದ್ದೇನೆ, ಭೇಟಿಯಾಗಿಲ್ಲ. ಪ್ರಕಾಶಕರು “ಮಕ್ಕಳಿಗೊಂದು ಕಥೆ ಕೊಡಿ” ಎಂದಾಗ, ಅದೇನು ಮಹಾ, ಎಡಗೈಯಲ್ಲಿ ಬರೆದು ಬಿಸಾಕಿದರಾಯಿತು ಎಂದುಕೊಂಡೆ. ಹಸಿದ ಆಮೆಗೆ ಬಾತುಕೋಳಿಯೊಂದು ಊಟ ಕೊಡುವ ಕಥೆ ಬರೆದೆ. ಎಡಗೈಯಲ್ಲಿ ಬರೆದದ್ದು ಸಾಲದು ಎಂದು ಒಂದು ಕಡೆ ಬಲಗೈಯನ್ನೂ ಹಾಕಿದೆ. ಮೂರನೇ ಪುಟದ ಆ ವಾಕ್ಯ ಹೀಗಿತ್ತು:

‘ಸೂರ್ಯಾಸ್ತದ ಸಂದರ್ಭದಲ್ಲಿ ಕ್ಷುಧಾರ್ತವಾದ ವೃದ್ಧ ಕೂರ್ಮವು ಜಲಾಶಯದ ನಿರ್ಜನ ಪ್ರದೇಶದತ್ತ ದೃಷ್ಟಿ ಹರಿಸಿ ದೀರ್ಘ ನಿಟ್ಟುಸಿರು ಬಿಟ್ಟಿತು.’

ಸಲೀಸಮ್ಮ ಅದನ್ನು ಓದಿ, ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ಓದಿದರು. ಆಮೇಲೆ ಪೆನ್ಸಿಲ್ ತೆಗೆದು ಅಕ್ಷರಗಳ ಕೆಳಗೆ ಗೀಟು ಹಾಕುತ್ತಾ ಹೋದರು.

“ಹದಿಮೂರು ಪದ, ಹದಿನೈದು ಒತ್ತು. ಸಾಹಿತಿಗಳೇ, ಈ ಆಮೆ ಹಸಿವಿಂದ ಸಾಯ್ತಿಲ್ಲ, ನಿಮ್ಮ ಒತ್ತಿನ ಭಾರಕ್ಕೆ ಸಾಯ್ತಿದೆ.”

“ಮಕ್ಕಳಿಗೆ ಹೊಸ ಪದ ಗೊತ್ತಾಗ್ಬೇಡ್ವೇ ಟೀಚರ್?”

“ಗೊತ್ತಾಗ್ಲಿ. ನೀವು ಓದಿ ಹೇಳುವಾಗ ಹತ್ತು ಹೊಸ ಪದ ಹೇಳಿ, ಬೇಡ ಅನ್ನಲ್ಲ. ಮಗು ತಾನೇ ಓದುವಾಗ ಒಂದು ಸಾಕು. ಒಂದೇ ಸಲಕ್ಕೆ ಅಕ್ಷರವನ್ನೂ ಬಿಡಿಸಿ, ಅರ್ಥವನ್ನೂ ಹುಡುಕಿ, ಉಸಿರನ್ನೂ ಹಿಡ್ಕೋ ಅಂದ್ರೆ ಯಾವುದನ್ನ ಮಾಡುತ್ತೆ ಅದು? ಕೊನೆಗೆ ಬಂದಾಗ ಮೊದಲನೇದು ಮರೆತೇ ಹೋಗಿರುತ್ತೆ.”

ನಾಲ್ಕು ದಿನ ನಮ್ಮಿಬ್ಬರಿಗೂ ಆ ಒಂದು ವಾಕ್ಯದ ಮೇಲೆ ಜಗಳ. ನನ್ನ ಕಂಠದ ಮೇಲೆ ನನಗೆ ತುಸು ಪ್ರೀತಿ. ವಾಕ್ಯದ ಲಯ ಅವರಿಗೆ ಅರ್ಥವಾಗಲಿ ಎಂದು ಕೋಣೆಯ ಉದ್ದಕ್ಕೂ ನಡೆದಾಡುತ್ತಾ, ಕೈ ಬೀಸುತ್ತಾ, ಗಟ್ಟಿಯಾಗಿ ಓದಿದೆ. ಒಂದು ಸಲವಲ್ಲ, ದಿನಕ್ಕೆ ಹತ್ತು ಸಲ. ಪರೀಕ್ಷಕರು ಮೂಲೆಯ ಸ್ಟೂಲಿನ ಮೇಲೆ ಕೂತು ಬಿಸ್ಕತ್ತು ತಿನ್ನುತ್ತಾ ಕೇಳಿಸಿಕೊಳ್ಳುತ್ತಿದ್ದರು.

ಮೂರನೇ ದಿನ ನಾನು ತಂತ್ರ ಹೂಡಿದೆ. ನನ್ನ ಮೂಲ ವಾಕ್ಯವನ್ನೇ ಅವಳ ಮುಂದೆ ಹಿಡಿದೆ. “ಓದಮ್ಮ ಮರಿ.” ಹುಡುಗಿ ಹಾಳೆಯ ಮೇಲೆ ಬೆರಳಿಟ್ಟು, ಸೂರ್ಯಾಸ್ತದಿಂದ ನಿಟ್ಟುಸಿರಿನ ತನಕ ಗಂಟೆ ಹೊಡೆದ ಹಾಗೆ ಹೇಳಿಬಿಟ್ಟಳು. ನನ್ನ ಹಾಗೆ ಕೈ ಕೂಡ ಬೀಸಿದಳು.

“ನೋಡಿದ್ರಾ!” ಎಂದು ನಾನು ಮೇಜು ಕುಟ್ಟಿದೆ.

ಸಲೀಸಮ್ಮ ನಕ್ಕರು. “ಏನು ನೋಡೋದು? ಮೂರು ದಿನದಿಂದ ನೀವು ಕೂಗ್ತಾ ಇದ್ದೀರಿ, ಕೇಳಿ ಕೇಳಿ ಬಾಯಿಗೆ ಬಂದಿದೆ. ಅದು ಓದು ಅಲ್ಲ. ಕೂರ್ಮ ಅಂದ್ರೆ ಏನೇ?”

“ಗೊತ್ತಿಲ್ಲ ಅಜ್ಜಿ. ಕಥೆ ಮಾಮನ ಊರಿರ್ಬೇಕು.”

ನಾನು ಸೋತೆ. ‘ಅದು ಓದು ಅಲ್ಲ’ ಎಂಬ ಸಲೀಸಮ್ಮನ ಆ ಮಾತನ್ನು ಮಾತ್ರ ನೆನಪಿಟ್ಟುಕೊಳ್ಳಿ. ಅದನ್ನು ಹೇಳಿದವರೇ ಅದನ್ನು ಮರೆತರು, ಕೇಳಿದ ನಾನೂ ಮರೆತೆ.

ಬಿಡಿಸುವ ಕೆಲಸ ನೋಡಲು ಚೆನ್ನಾಗಿತ್ತು. ಮೊದಲು ಬಾಯಿಮಾತು. “ಸೂರ್ಯಾಸ್ತದ ಸಂದರ್ಭ ಅಂದ್ರೆ ಸಂಜೆ ತಾನೆ? ಸಂಜೆ ಅನ್ನಿ. ವೃದ್ಧ ಕೂರ್ಮ, ಮುದಿ ಆಮೆ.” ಜಲಾಶಯ ಕೆರೆಯಾಯಿತು. ‘ತೀರ’ ಎಂದು ಹಾಕೋಣ, ಒತ್ತಿಲ್ಲ, ಎರಡೇ ಅಕ್ಷರ ಎಂದು ನಾನು ಜಾಣತನ ತೋರಿಸಿದೆ. “ಚಿಕ್ಕದಾದ್ರೆ ಸುಲಭವಾಗಲ್ಲ. ಮಗುವಿನ ಬಾಯಲ್ಲಿ ದಿನಾ ಓಡಾಡೋ ಪದ ಬೇಕು” ಎಂದರು. ಆಮೇಲೆ ಕತ್ತರಿ. ಒಂದು ವಾಕ್ಯದಲ್ಲಿ ಒಂದೇ ಸಂಗತಿ, ಒಂದೇ ಉಸಿರು. ನಾನು ಉತ್ಸಾಹದಲ್ಲಿ ಎರಡೆರಡು ಪದಕ್ಕೆ ಕತ್ತರಿಸಿದಾಗ ಅದಕ್ಕೂ ತಲೆ ಅಲ್ಲಾಡಿಸಿದರು. “ಹೀಗೆ ಕೊಚ್ಚಿದ್ರೆ ಬಿಕ್ಕಳಿಕೆ ಬಂದವರ ಹಾಗೆ ಓದುತ್ತೆ ಮಗು. ಮಾತಾಡಿದ ಹಾಗೆ ಇರ್ಬೇಕು.”

ನಿಟ್ಟುಸಿರು ಒಂದನ್ನು ಉಳಿಸಿಕೊಡಿ ಎಂದು ಬೇಡಿಕೊಂಡೆ.

“ಏಳು ವರ್ಷಕ್ಕೇ ನಿಟ್ಟುಸಿರು ಯಾಕೆ? ಅದಕ್ಕೆಲ್ಲ ನಾವಿದ್ದೀವಲ್ಲ. ಸುಸ್ತಾದ್ರೆ ಮಕ್ಕಳು ಏನಂತಾರೆ?”

“ಉಸ್ಸಪ್ಪಾ!” ಎಂದಿತು ಸ್ಟೂಲು.

ಹಾಗೆ ಹುಟ್ಟಿತು ಮೂರನೇ ಪುಟ:

‘ಸಂಜೆ ಆಯಿತು. ಮುದಿ ಆಮೆಗೆ ತುಂಬಾ ಹಸಿವು. ಅದು ಕೆರೆಯ ಕಡೆ ನೋಡಿತು. ಅಲ್ಲಿ ಯಾರೂ ಇಲ್ಲ. ಆಮೆ ‘ಉಸ್ಸಪ್ಪಾ’ ಎಂದಿತು.’

ನಾಲ್ಕು ಒತ್ತು. ನಾಲ್ಕೂ ಅದೇ ಅಕ್ಷರಕ್ಕೆ ಅದೇ ಅಕ್ಷರದ ಒತ್ತು. ಮಕ್ಕಳು ಮೊದಲು ಕಲಿಯುವುದು ಅವನ್ನೇ, ಬೇರೆ ಅಕ್ಷರದ ಒತ್ತು ಆಮೇಲೆ. ಓದಿಸುವ ಮುನ್ನ ಸಲೀಸಮ್ಮ ತಮ್ಮ ಪದ್ಧತಿಯಂತೆ ತಾವೊಮ್ಮೆ ಓದಿ ಕೇಳಿಸಿದರು. ಮೂವತ್ತೊಂದು ವರ್ಷ ತರಗತಿಯಲ್ಲಿ ಮಾಡಿದ್ದೇ ಅದು: ಟೀಚರ್ ಹೇಳುವುದು, ಮಕ್ಕಳು ಹೇಳುವುದು. ಹುಡುಗಿ ಹಾಳೆಯ ಮೇಲೆ ಬೆರಳು ಜಾರಿಸುತ್ತಾ, ಕಣ್ಣನ್ನು ಅಜ್ಜಿಯ ಮುಖದ ಮೇಲಿಟ್ಟು, ಒಂದೇ ಒಂದು ಚುಕ್ಕೆಗೂ ಜಾಗ ಕೊಡದೆ ಓದಿದಳು. ಹಸಿರು ಪೆನ್ಸಿಲ್ ‘ಸಲೀಸು’ ಬರೆಯಿತು.

ಐದನೇ ಪುಟದ ಬಗ್ಗೆ ಯಾರೂ ಚಕಾರ ಎತ್ತಿರಲಿಲ್ಲ. ‘ಬಾತು ಬಂತು. ಅದರ ಬಾಯಿ ತುಂಬಾ ಎಲೆ.’ ಒಂದೂ ಒತ್ತಿಲ್ಲ. ನಾನು ಅಚಾತುರ್ಯದಿಂದ ಸರಿಯಾಗಿ ಬರೆದ ಪುಟ ಅದೊಂದೇ. ಅದನ್ನು ಓದಿಸುವುದೇನು ಬಂತು ಎಂದು ಹಾಗೇ ಕಡತಕ್ಕೆ ಸೇರಿಸಿದ್ದರು.

ಆ ಸಂಜೆ ಸಲೀಸಮ್ಮನ ಮಗಳು ಹುಡುಗಿಯನ್ನು ಕರೆದೊಯ್ಯಲು ಬಂದಾಗ ಕೈಯಲ್ಲಿ ಶಾಲೆಯ ಚೀಟಿ ಇತ್ತು. ‘ಮಗುವಿಗೆ ಓದು ಬಂದಿಲ್ಲ. ಇನ್ನೊಂದು ವರ್ಷ ಇದೇ ತರಗತಿಯಲ್ಲಿ ಇರಿಸುವುದು ಒಳಿತು.’

ಸಲೀಸಮ್ಮ ಅದನ್ನು ಮೂರು ಸಲ ಓದಿದರು. ನನ್ನ ಕ್ಷುಧಾರ್ತ ಕೂರ್ಮವನ್ನು ಕೂಡ ಎರಡೇ ಸಲ ಓದಿದ್ದರು.

“ಇವಳಿಗಾ? ಓದು ಬಂದಿಲ್ವಾ?”

“ಹಾಗಂತಾರೆ ಅಮ್ಮ. ತರಗತೀಲಿ ಬಾಯೇ ಬಿಡಲ್ವಂತೆ.”

“ಬಾಯಿ ಬಿಡದೇ ಇದ್ರೆ ಅದು ಹೆದರಿಕೆ, ಓದು ಬರಲ್ಲ ಅಂತಲ್ಲ. ಹನ್ನೆರಡು ಪುಸ್ತಕ ಓದಿದಾಳೆ ನನ್ನ ಮುಂದೆ!”

“ನೀನೇ ಬಂದು ಹೇಳಮ್ಮ. ಅವಳ ಜೊತೆಯವರೆಲ್ಲ ಮುಂದೆ ಹೋದ್ರೆ…” ಮಗಳು ಮಾತು ಮುಗಿಸಲಿಲ್ಲ. ಹುಡುಗಿ ಚೀಲದ ದಾರವನ್ನು ಬೆರಳಿಗೆ ಸುತ್ತುತ್ತಾ ನೆಲ ನೋಡುತ್ತಿದ್ದಳು. ಪರೀಕ್ಷಕರು ಅಷ್ಟು ಚಿಕ್ಕವರು ಎಂದು ನಾನು ಗಮನಿಸಿದ್ದು ಆಗಲೇ.

ಶುಕ್ರವಾರ ಶಾಲೆಗೆ ಹೋಗುವುದೆಂದಾಯಿತು. ಇನ್ನೂ ಅಚ್ಚಾಗದ, ಬೇರೆ ಯಾವ ಮಗುವೂ ನೋಡದ ಹಾಳೆಯನ್ನು ಅಲ್ಲೇ ಓದಿಸಿ ತೋರಿಸುವುದು ಸಲೀಸಮ್ಮನ ಉಪಾಯ. ಕಥೆಗಾರ ಸಾಕ್ಷಿಗೆ ಇರಲಿ ಎಂದು ನನ್ನನ್ನೂ ಕರೆದರು. ನಾನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಹಾಳೆಗಳ ಕಡತ ಕಂಕುಳಲ್ಲಿಟ್ಟುಕೊಂಡು ಹೊರಟೆ.

ಎರಡನೇ ತರಗತಿಯ ಕೋಣೆ ಖಾಲಿಯಾಗಿತ್ತು. ತರಗತಿಯ ಟೀಚರ್ ಚಿಕ್ಕ ವಯಸ್ಸಿನವರು, ಕೈಬೆರಳಿಗೆಲ್ಲ ಸೀಮೆಸುಣ್ಣ. ನಮ್ಮನ್ನು ಮಕ್ಕಳ ಬೆಂಚಿನಲ್ಲೇ ಕೂರಿಸಿದರು. ನನ್ನ ಮೊಣಕಾಲು ಗಲ್ಲಕ್ಕೆ ತಾಗಿತು. ಹುಡುಗಿಯ ತಾಯಿ ಆಸ್ಪತ್ರೆಯಿಂದ ಒಂದು ಗಂಟೆ ಬಿಡುವು ಕೇಳಿಕೊಂಡು ಬಂದು ಬಾಗಿಲ ಹತ್ತಿರ ನಿಂತಿದ್ದರು.

“ನಂಗೂ ಇವಳನ್ನ ಹಿಂದೆ ಉಳಿಸೋಕೆ ಇಷ್ಟ ಇಲ್ಲ ಮೇಡಂ” ಎಂದರು ಆ ಟೀಚರ್. “ಇವಳು ಒಂದು ಪುಟ ಓದ್ಲಿ, ಸಾಕು. ಈಗಲೇ ಚೀಟಿ ಹರಿದು ಹಾಕ್ತೀನಿ.”

“ಮೂರನೇ ಪುಟ ಕೊಡಿ” ಎಂದರು ಸಲೀಸಮ್ಮ ನನಗೆ.

ನಾನು ಕಡತ ಬಿಚ್ಚಿ, ಆಮೆಯ ಚಿತ್ರ ಇದ್ದ ಹಾಳೆ ಎಳೆದು ಹುಡುಗಿಯ ಕೈಗೆ ಕೊಟ್ಟೆ. ಕನ್ನಡಕ ಹಣೆಯ ಮೇಲಿತ್ತು. ಅಲ್ಲಿದ್ದರೆ ನಾನು ವಿಚಾರವಂತನಂತೆ ಕಾಣುತ್ತೇನೆ ಎಂದು ಯಾರೋ ಒಮ್ಮೆ ಹೇಳಿದ್ದರು.

ಹುಡುಗಿ ಟೀಚರಿಗೆ ಎದುರಾಗಿ ನಿಂತಳು. ಹಾಳೆಯ ಬೆನ್ನು ಟೀಚರ್ ಕಡೆ, ಮುಖ ನಮ್ಮಿಬ್ಬರ ಕಡೆ. ಅವಳ ಹೆಗಲ ಹಿಂದೆ ನಾವು. ಬೆರಳು ಹಾಳೆಯ ಮೇಲೆ ಇಳಿಯಿತು.

“ಸಂಜೆ ಆಯಿತು” ಎಂದಳು. “ಮುದಿ ಆಮೆಗೆ ತುಂಬಾ ಹಸಿವು.”

ಸ್ಪಷ್ಟವಾದ ದನಿ. ಬಾಗಿಲ ಹತ್ತಿರ ತಾಯಿಯ ಮುಖ ಅರಳಿದ್ದು ಕಂಡಿತು. “ಅದು ಕೆರೆಯ ಕಡೆ ನೋಡಿತು.” ತರಗತಿಯ ಟೀಚರ್ ತಲೆದೂಗಿದರು. ಇಷ್ಟು ಚಂದ ಓದುವುದನ್ನು ಸ್ಪಷ್ಟವಾಗಿ ನೋಡೋಣ ಎಂದು ನಾನು ಹಣೆಯ ಕನ್ನಡಕವನ್ನು ಮೂಗಿಗೆ ಇಳಿಸಿದೆ.

ಹಾಳೆಯಲ್ಲಿ ಆಮೆ ಇತ್ತು. ಕೆರೆಯೂ ಇತ್ತು. ಕೆರೆಯಲ್ಲಿ ಒಂದು ಬಾತೂ ಇತ್ತು. ಚಿತ್ರದ ಕೆಳಗೆ ದಪ್ಪ ಅಕ್ಷರದಲ್ಲಿ ಹೀಗಿತ್ತು: ‘ಬಾತು ಬಂತು. ಅದರ ಬಾಯಿ ತುಂಬಾ ಎಲೆ.’

ನಾನು ಐದನೇ ಪುಟ ಕೊಟ್ಟಿದ್ದೆ.

ಹುಡುಗಿಯ ಬೆರಳು ‘ಬಾತು’ವಿನ ಮೇಲೆ ಜಾರಿ, ‘ಎಲೆ’ಯನ್ನು ದಾಟಿ, ಅಕ್ಷರ ಮುಗಿದ ಮೇಲೂ ಬಿಳಿ ಹಾಳೆಯ ಮೇಲೆ ಹೋಗುತ್ತಲೇ ಇತ್ತು. “ಅಲ್ಲಿ ಯಾರೂ ಇಲ್ಲ. ಆಮೆ ‘ಉಸ್ಸಪ್ಪಾ’ ಎಂದಿತು.” ಮುಗಿಸಿ, ಕತ್ತು ತಿರುಗಿಸಿ, ಅಜ್ಜಿಯ ಮುಖ ನೋಡಿದಳು.

ನಾನೂ ನೋಡಿದೆ. ಸಲೀಸಮ್ಮನ ಕಣ್ಣು ಹಾಳೆಯ ಮೇಲಿತ್ತು. ಅವರು ನೋಡಿದ್ದರು.

“ಅಯ್ಯೋ, ಎಷ್ಟು ಚೆನ್ನಾಗಿ ಓದ್ತೀಯಲ್ಲೇ! ನನ್ನ ಮುಂದೆ ಯಾಕೆ ಬಾಯಿ ಬಿಡ್ತಿರ್ಲಿಲ್ಲ?” ಎಂದು ತರಗತಿಯ ಟೀಚರ್ ನಗುತ್ತಾ ಮೇಜಿನ ಮೇಲಿನ ಚೀಟಿಗೆ ಕೈ ಹಾಕಿದರು.

ಆ ಕೋಣೆಯಲ್ಲಿ ವಿಷಯ ಗೊತ್ತಿದ್ದವರು ಇಬ್ಬರೇ. ನಾನು ಆ ಕ್ಷಣ ಏನು ಮಾಡಿದೆ ಎಂದು ಪ್ರಾಮಾಣಿಕವಾಗಿ ಹೇಳಬೇಕು. ಕಡತದ ದಾರ ಕಟ್ಟತೊಡಗಿದೆ. ಎರಡು ನಿಮಿಷದಲ್ಲಿ ಎಲ್ಲ ಮುಗಿದು ಎಲ್ಲರೂ ಮನೆಗೆ ಹೋಗಬಹುದಿತ್ತು.

“ಚೀಟಿ ಹರೀಬೇಡಿ ಟೀಚರ್” ಎಂದರು ಸಲೀಸಮ್ಮ. ದನಿ ಅವರದೇ ಎನಿಸಲಿಲ್ಲ. “ಇವಳು ಓದ್ಲಿಲ್ಲ. ಆ ಹಾಳೆ ತಗೊಂಡು ನೋಡಿ.”

ತರಗತಿಯ ಟೀಚರ್ ಹಾಳೆ ತೆಗೆದುಕೊಂಡು ನೋಡಿದರು, ಹುಡುಗಿಯನ್ನು ನೋಡಿದರು, ಚೀಟಿಯನ್ನು ಮೇಜಿನ ಮೇಲೇ ಬಿಟ್ಟರು. ಬಾಗಿಲ ಹತ್ತಿರದಿಂದ “ಅಮ್ಮಾ…” ಎಂಬ ಒಂದು ಮಾತು ಬಂತು, ಅಷ್ಟೇ. ಹುಡುಗಿಗೆ ಏನು ತಪ್ಪಾಯಿತೆಂದು ಗೊತ್ತಾಗಲಿಲ್ಲ. “ನಾನು ಎಡವ್ಲಿಲ್ವಲ್ಲ ಅಜ್ಜಿ?” ಎಂದಳು. “ಒಂದೂ ಚುಕ್ಕೆ ಬಂದಿಲ್ವಲ್ಲ?”

“ಇಲ್ಲ ಮರಿ. ನೀನು ಎಡವ್ಲಿಲ್ಲ. ನಾನು ಎಡವಿದ್ದು.”

ಶಾಲೆಯಿಂದ ಎಲ್ಲರೂ ಹೊರಟೆವು. ಆಸ್ಪತ್ರೆಯ ತಿರುವಿನಲ್ಲಿ ಮಗಳು ನಿಂತು, “ಒಂದು ನಿಮಿಷ ಸುಮ್ಮನಿದ್ದಿದ್ರೆ ಆಗ್ತಿತ್ತಲ್ಲಮ್ಮ. ಮನೇಲಿ ನಿಧಾನಕ್ಕೆ ಕಲಿಸ್ಬಹುದಿತ್ತು” ಎಂದರು. ಕೋಪಕ್ಕಿಂತ ಆಯಾಸವೇ ಇತ್ತು ಆ ಮಾತಿನಲ್ಲಿ.

“ಎರಡು ವರ್ಷ ಕಲಿಸಿದ್ನಲ್ಲ” ಎಂದರು ಸಲೀಸಮ್ಮ.

ಕಚೇರಿಗೆ ಬಂದು ಅವರು ಕಪಾಟಿನಿಂದ ಹನ್ನೆರಡು ಪುಸ್ತಕದ ಹಾಳೆಗಳನ್ನು ಕೆಳಗಿಳಿಸಿದರು. ರಬ್ಬರು ತೆಗೆದು, ಒಂದೊಂದಾಗಿ ‘ಸಲೀಸು’ ಅಳಿಸುತ್ತಾ ಹೋದರು. ಅಚ್ಚಾಗಿ ಎಲ್ಲೆಲ್ಲೋ ಹೋಗಿರುವ ಪುಸ್ತಕದ ಹಾಳೆ ಅಳಿಸಿ ಏನು ಬಂತು ಎಂದು ನಾನು ಕೇಳಲಿಲ್ಲ. ಆ ದಿನ ನನಗೆ ಸ್ವಲ್ಪ ಬುದ್ಧಿ ಬಂದಿತ್ತು.

“ಮೊದಲು ನಾನು ಓದಿ ಕೇಳಿಸ್ತಿದ್ದೆ” ಎಂದರು, ಅಳಿಸುತ್ತಲೇ. “ಆಮೇಲೆ ನಾವು ಜಗಳ ಆಡಿ ಕೇಳಿಸ್ತಿದ್ವಿ. ಮಗು ಕಿವೀಲಿ ಕಲೀತು, ಕಣ್ಣಲ್ಲಿ ಕಲೀಲೇ ಇಲ್ಲ. ನಿಮ್ಮ ವಾಕ್ಯ ಬಾಯಿಪಾಠ ಅಂತ ನಗ್ತಾ ಹೇಳ್ದೆ ನೋಡಿ. ನನ್ನ ವಾಕ್ಯ ಮಾತ್ರ ಓದು ಅಂದ್ಕೊಂಡೆ.”

“ತಪ್ಪು ಹಾಳೆ ಕೊಟ್ಟವನು ನಾನು ಟೀಚರ್.”

“ನಿಮ್ಮ ಬದುಕಲ್ಲಿ ನೀವು ಮಾಡಿದ ಒಂದೇ ಉಪಕಾರ ಅದು. ಸುಮ್ನೆ ಕೂತ್ಕೊಳ್ಳಿ.”

ಮುಂದಿನ ವಾರದಿಂದ ಅವರ ಪದ್ಧತಿ ಬದಲಾಯಿತು. ಬೇರೆ ಬೇರೆ ಶಾಲೆಗಳಿಗೆ ಹೋಗಿ, ಪರಿಚಯವೇ ಇಲ್ಲದ ಐದು ಮಕ್ಕಳಿಗೆ ಹಾಳೆ ಕೊಡುವುದು. ತಾವು ಮೊದಲು ಓದಿ ಕೇಳಿಸುವುದಿಲ್ಲ. ಒಮ್ಮೆ ಓದಿದ ಮಗುವಿಗೆ ಅದೇ ಪುಟ ಇನ್ನೊಮ್ಮೆ ಕೊಡುವುದಿಲ್ಲ. ನಮ್ಮ ಮೂರನೇ ಪುಟಕ್ಕೆ ಏಳು ಚುಕ್ಕೆ ಬಂದವು. ಅದರಲ್ಲಿ ಮೂರು ‘ಉಸ್ಸಪ್ಪಾ’ದ ಮೇಲೆ. ಬಾಯಲ್ಲಿ ದಿನಾ ಆಡುವ ಮಾತಾದರೂ ಅಚ್ಚಿನಲ್ಲಿ ಯಾವ ಮಗುವೂ ಅದನ್ನು ಕಂಡಿರಲಿಲ್ಲ. ಸಲೀಸಮ್ಮ ಆ ಪುಟವನ್ನು ಮತ್ತೆ ಬಿಡಿಸಲು ಕೂತರು. ಪುಸ್ತಕ ಇನ್ನೂ ಕೆಳಗೆ ಹೋಗಿಲ್ಲ.

ಹುಡುಗಿ ಅದೇ ತರಗತಿಯಲ್ಲಿ ಉಳಿದಳು. ಜೊತೆಯವರೆಲ್ಲ ಪಕ್ಕದ ಕೋಣೆಗೆ ಹೋದರು. ಈಗಲೂ ಶಾಲೆ ಬಿಟ್ಟ ಮೇಲೆ ಮಹಡಿಗೆ ಬರುತ್ತಾಳೆ. ಮೊದಲ ತಿಂಗಳು ಗೋಡೆಯ ಕಡೆ ಮುಖ ಮಾಡಿ ಕೂತಿದ್ದಳು. “ಪರೀಕ್ಷಕರು ಬಂದ್ರು” ಎಂದು ನಾನು ಒಮ್ಮೆ ಹಳೆಯ ಅಭ್ಯಾಸದಲ್ಲಿ ಎದ್ದು ನಿಂತೆ. ಅವಳು “ಕೂತ್ಕೊಳ್ಳಿ” ಎನ್ನಲಿಲ್ಲ. ನಿಂತವನು ಹೇಗೆ ಕೂರುವುದೆಂದು ತಿಳಿಯದೆ ಕಿಟಕಿಯ ಹತ್ತಿರ ಹೋಗಿ ಏನನ್ನೋ ನೋಡಿದೆ.

ನಿನ್ನೆ ಅವಳಾಗಿಯೇ ಕಡತ ಬಿಚ್ಚಿ ಐದನೇ ಪುಟ ಎತ್ತಿಕೊಂಡಳು. “ಕಥೆ ಮಾಮ, ನೀವು ಮಾತಾಡ್ಬೇಡಿ” ಎಂದಳು. ನಾನು ತುಟಿ ಬಿಗಿದೆ. ಸಲೀಸಮ್ಮ ಒಂದು ಖಾಲಿ ಹಾಳೆ ಎತ್ತಿ ತಮ್ಮ ಬಾಯಿಗೆ ಅಡ್ಡ ಹಿಡಿದರು. ಮೊಮ್ಮಗಳ ಕಣ್ಣು ಅವರ ತುಟಿಯ ಮೇಲೆ ಹೋಗಬಾರದೆಂದು.

“ಬಾ… ತು” ಎಂದಳು. ಬೆರಳು ಸರಿಯಿತು. “ಬಂ… ತು. ಬಂತು.” ಮೂರನೇ ಪದದಲ್ಲಿ ನಿಂತಳು. “ಅದು” ಎಂದಳು. ಆ ಪದ ಅದಲ್ಲ. ಅಜ್ಜಿಯ ಕಡೆ ನೋಡಿದಳು. ಬಿಳಿ ಹಾಳೆ ಕಂಡಿತು, ಅದರ ಮೇಲೆ ಎರಡು ಕಣ್ಣು. ಕೆಳಗೆ ಯಂತ್ರ ಶುರುವಾಗಿ ಚಹಾದ ಲೋಟ ಅಂಚಿನ ಕಡೆ ಹೊರಟಿತು. ಅದನ್ನು ಹಿಡಿಯಲು ಸಲೀಸಮ್ಮ ಕೈ ಚಾಚಲಿಲ್ಲ.

ಹುಡುಗಿ ಮತ್ತೆ ಪುಟಕ್ಕೆ ಬಗ್ಗಿದಳು. ಬೆರಳನ್ನು ಆ ಪದದ ಮೊದಲಿಗೆ ತಂದಿಟ್ಟಳು.

“ಅ… ದ…”

ನಾವು ಕಾದೆವು.